ಬ್ರ್ಯಾಂಡ್ ಈಕ್ವಿಟಿ ಪ್ರಬಂಧ: ಬರೆದವರ ಅನುಭವ ಬೇಕು

ಪ್ರಶ್ನೆ: ಬ್ರ್ಯಾಂಡ್ ಈಕ್ವಿಟಿ, ಅಂದರೆ ಹೆಸರಿನಿಂದಲೇ ಸರಕಿಗೆ ಸಿಗುವ ಮೌಲ್ಯ, ಅದರ ನಾಲ್ಕು ಭಾಗಗಳ ಮೇಲೆ ಪ್ರಬಂಧ ಬರೆಯಬೇಕು: ಅವೇರ್‌ನೆಸ್, ಅಸೋಸಿಯೇಷನ್, ಪರ್ಸೀವ್ಡ್ ಕ್ವಾಲಿಟಿ, ಲಾಯಲ್ಟಿ. ನಾಲ್ಕಕ್ಕೂ ಬೇರೆ ಬೇರೆ ಉದಾಹರಣೆ ಕೊಡಬೇಕಾ? ಬರೆದವರು ಹೇಳಿ.

ಎಂಬಿಎ ಮುಗಿಸಿದವಳು: ನಾನು ನ್ಯೂ ಕೋಕ್ ಒಂದನ್ನೇ ಹಿಡಿದು ಇಡೀ ಉತ್ತರ ಬರೆದೆ. ಈಗಲೂ ಅದೇ ಸರಿ ಅಂತೀನಿ. 1985ರ ಏಪ್ರಿಲ್‌ನಲ್ಲಿ ಕೋಕಾ-ಕೋಲಾ ಹಳೆಯ ರುಚಿ ನಿಲ್ಲಿಸಿ ಹೊಸದು ತಂದಿತು. ಅದಕ್ಕೆ ಮೊದಲು ಸುಮಾರು 2 ಲಕ್ಷ ಜನರಿಗೆ ರುಚಿ ತೋರಿಸಿದ್ದರು. ಹೆಸರು ಮುಚ್ಚಿಟ್ಟಾಗ ಹೊಸದೇ ಗೆದ್ದಿತ್ತು. ಆದರೆ ಜನ ಕುಡಿಯುವುದು ಹೆಸರು ನೋಡಿ. ಆ ಹೆಸರಿನ ಜೊತೆ ಬಾಲ್ಯ, ಮನೆ, ದೇಶ ಎಲ್ಲ ಅಂಟಿಕೊಂಡಿತ್ತು. ಅದು ಅಸೋಸಿಯೇಷನ್. ನಾಲಿಗೆಗೆ ಹೊಸದು ಚೆನ್ನಾಗಿದ್ದರೂ ಮನಸ್ಸಿಗೆ ಹಳೆಯದೇ ಅಸಲಿ ಅನ್ನಿಸಿತು. ಪರ್ಸೀವ್ಡ್ ಕ್ವಾಲಿಟಿ ಅಂದರೆ ಅದೇ. ಕೆಲವರು ಹಳೆಯ ಬಾಟಲಿ ಕೂಡಿಟ್ಟುಕೊಂಡರು, ಅದು ಲಾಯಲ್ಟಿ. ಜುಲೈನಲ್ಲಿ ಹಳೆಯ ರುಚಿ ‘ಕ್ಲಾಸಿಕ್’ ಆಗಿ ವಾಪಸ್ ಬಂತು. ಇಷ್ಟರಲ್ಲಿ ಅವೇರ್‌ನೆಸ್ ಒಂದಿಷ್ಟೂ ಕಡಿಮೆಯಾಗಲಿಲ್ಲ. ಹೆಸರು ಗೊತ್ತಿದ್ದರೆ ಸಾಲದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಶಾಂಪೂ ಮಾಡುವವನು: ಹೆಸರು ಗೊತ್ತು ಅನ್ನೋದೇ ನನ್ನನ್ನು ಮುಳುಗಿಸಿತು. ಸಾಲ ತಂದು ಹೋರ್ಡಿಂಗ್ ಹಾಕಿಸಿದೆ, ಲೇಬಲ್ ಎರಡನೇ ಸಲ ಅಚ್ಚು ಹಾಕಿಸಿದೆ, ಅಂಗಡಿಯವರಿಗೆ ಕಮಿಷನ್ ಏರಿಸಿದೆ. ಬಾಟಲಿ ತೋರಿಸಿದರೆ "ಹೌದು, ನೋಡಿದ್ದೀವಿ" ಅಂತಾರೆ. ಏನೂ ತೋರಿಸದೆ "ಶಾಂಪೂ ಅಂದರೆ ಯಾವುದು ನೆನಪಾಗುತ್ತೆ?" ಅಂತ ಕೇಳಿದರೆ ನನ್ನ ಹೆಸರು ಯಾರ ಬಾಯಲ್ಲೂ ಇಲ್ಲ. ಏಜೆನ್ಸಿ ಮೊದಲನೆಯದನ್ನಷ್ಟೇ ಅಳೆದು ರಿಪೋರ್ಟ್ ಕೊಟ್ಟಿತು. ಆ ಸಾಲ ಇನ್ನೂ ತೀರಿಲ್ಲ.

ಬಿಕಾಂ ಅಂತಿಮ ವರ್ಷ: ಕಥೆ ಬರೆದರೆ ಅಂಕ ಬರಲ್ಲ. ಬ್ರ್ಯಾಂಡ್ ಈಕ್ವಿಟಿ ಬಗ್ಗೆ ಪುಸ್ತಕ ಬರೆದ ಡೇವಿಡ್ ಆಕರ್ 1991ರಲ್ಲಿ ಕೊಟ್ಟಿದ್ದು ಐದು ಭಾಗ. ಐದನೆಯದಾದ ಪೇಟೆಂಟ್, ಟ್ರೇಡ್‌ಮಾರ್ಕ್ ಬಿಟ್ಟಿದ್ದಕ್ಕೆ ನನಗೆ ಅಂಕ ಕತ್ತರಿಸಿದ್ದಾರೆ. ಲಾಯಲ್ಟಿ ಅಂದರೆ ಮತ್ತೆ ಮತ್ತೆ ಕೊಳ್ಳೋದು, ಅಷ್ಟು ಬರೆದರೆ ಸಾಕು.

ಎಂಬಿಎ ಮುಗಿಸಿದವಳು: ಐದನೆಯದು ಇದೆ, ಒಪ್ಪಿದೆ. ಆದರೆ ಪ್ರಶ್ನೆಯಲ್ಲಿ ಕೇಳಿರೋದು ನಾಲ್ಕು, ಅಲ್ವಾ? ಲಾಯಲ್ಟಿ ಬಗ್ಗೆ ನೀವು ಹೇಳಿದ್ದು ಅರ್ಧ ಮಾತ್ರ. ಬೇರೆ ದಾರಿ ಇಲ್ಲದೆ ಕೊಳ್ಳುವವರೂ ಮತ್ತೆ ಮತ್ತೆ ಕೊಳ್ತಾರೆ. ಬೆಲೆ ಏರಿದಾಗ ಅಥವಾ ಸರಕು ಖಾಲಿಯಾದಾಗ ನೋಡಿ. ಕಾಯ್ತಾನಾ, ಪಕ್ಕದ್ದನ್ನು ಎತ್ತಿಕೊಳ್ತಾನಾ?

ಬಿಕಾಂ ಅಂತಿಮ ವರ್ಷ: ಅಂಕ ಹಾಕೋರು ನೀವಲ್ಲ ಮೇಡಂ. ಪಾಯಿಂಟ್ ಇಲ್ಲದ ಉತ್ತರ ಯಾರೂ ಓದಲ್ಲ.

ಶಾಂಪೂ ಮಾಡುವವನು: ಅಂಕ ಬಿಡಿ ತಮ್ಮಾ. ನನ್ನ ಹಳೇ ಗಿರಾಕಿಗಳು ರಿಯಾಯಿತಿ ನಿಲ್ಲಿಸಿದ ತಿಂಗಳೇ ಹೋದರು. ಮೇಡಂ ಹೇಳಿದ್ದೇ ನಿಜ.

ಮಾರ್ಕೆಟಿಂಗ್ ಉಪನ್ಯಾಸಕ: ಇಬ್ಬರಿಗೂ ಒಂದು ಮಾತು. ಲಾಯಲ್ಟಿ ಈಕ್ವಿಟಿಯ ಭಾಗವೋ, ಉಳಿದ ಮೂರರ ಫಲವೋ? ಆಕರ್ ಭಾಗ ಅಂತಾನೇ ಎಣಿಸಿದ್ದಾರೆ. 1993ರಲ್ಲಿ ಇನ್ನೊಬ್ಬ ಮಾರ್ಕೆಟಿಂಗ್ ಪ್ರಾಧ್ಯಾಪಕ ಕೆವಿನ್ ಕೆಲ್ಲರ್ ಈಕ್ವಿಟಿಯನ್ನು ಅವೇರ್‌ನೆಸ್ ಮತ್ತು ಇಮೇಜ್, ಅಂದರೆ ಅಸೋಸಿಯೇಷನ್‌ಗಳ ಮೇಲೆ ಕಟ್ಟಿದರು, ಅಲ್ಲಿ ಲಾಯಲ್ಟಿ ಫಲ. ನಾನಾದರೆ ಎರಡನ್ನೂ ಬರೆದವರಿಗೆ ಜಾಸ್ತಿ ಅಂಕ ಕೊಡ್ತೀನಿ.

ಎಂಬಿಎ ಮುಗಿಸಿದವಳು: ಫಲ ಅನ್ನೋದನ್ನು ನಾನು ಒಪ್ಪಲ್ಲ ಸರ್. ನಿಷ್ಠೆ ಇದ್ದವರೇ ನಾಲ್ಕು ಜನರಿಗೆ ಹೇಳ್ತಾರೆ, ಅದರಿಂದಲೇ ಅವೇರ್‌ನೆಸ್ ಬೆಳೆಯುತ್ತೆ.