ಪದಚರ್ಚೆ: "ಫೀಡ್ ನಿಂತರೆ ಇನ್ಸುಲಿನ್ ನಿಲ್ಲಿಸಿ" – ಈ "ನಿಲ್ಲಿಸಿ" ಸರಿಯೇ?

ಸುಮಾ:

ಎಲ್ಲರಿಗೂ ನಮಸ್ಕಾರ. ನಾನು ಒಂದು ಆಸ್ಪತ್ರೆಯಲ್ಲಿ ಡಯಟಿಷಿಯನ್. ವಾರ್ಡಿನ ಗೋಡೆಗೆ ಅಂಟಿಸುವ ಕನ್ನಡ ಸೂಚನೆಗಳನ್ನು ಬರೆಯೋ ಕೆಲಸವೂ ನನ್ನ ತಲೆಗೇ ಬಂದಿದೆ. ಒಂದು ಸಾಲು ಹೀಗೆ ಬರೆದಿದ್ದೆ:

"ಮೂಗಿನ ಪೈಪಿನಲ್ಲಿ ಊಟ ಹೋಗುತ್ತಿರುವ ಶುಗರ್ ರೋಗಿಗೆ ಫೀಡ್ ನಿಂತರೆ ಇನ್ಸುಲಿನ್ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ."

ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಈ ಸಾಲು ಏನು ಮಾಡಿತು ಅಂತ ಹೇಳ್ತೀನಿ.

ಪಾರ್ಶ್ವವಾಯು ಆಗಿದ್ದ 68ರ ಹಿರಿಯರು. ಟೈಪ್ 2 ಶುಗರ್. ಪಂಪಿನಲ್ಲಿ ಗಂಟೆಗೆ 60 ಎಂಎಲ್ ಫೀಡ್, ಹಗಲು ರಾತ್ರಿ ಬಿಡದೆ. ಅದಕ್ಕೆ 8 ಗಂಟೆಗೊಮ್ಮೆ 6 ಯೂನಿಟ್ ಎನ್‌ಪಿಎಚ್ ಇನ್ಸುಲಿನ್. ಜೊತೆಗೆ ಬೆಳಿಗ್ಗೆ 8ಕ್ಕೆ 12 ಯೂನಿಟ್ ಗ್ಲಾರ್ಜಿನ್, ಅಂದರೆ ದಿನವಿಡೀ ನಿಧಾನವಾಗಿ ಕೆಲಸ ಮಾಡೋ ಇನ್ಸುಲಿನ್. ರಾತ್ರಿ 10ಕ್ಕೆ ಎನ್‌ಪಿಎಚ್ ಕೊಟ್ಟಾಗ ಶುಗರ್ 162. 11ಕ್ಕೆ ಅವರು ಪೈಪ್ ಕಿತ್ತುಕೊಂಡರು.

ಡ್ಯೂಟಿಯಲ್ಲಿದ್ದ ಹುಡುಗಿ ಚೀಟಿ ಓದಿದಳು. ಮುಂದಿನ ಇನ್ಸುಲಿನ್ ಇದ್ದದ್ದು ಬೆಳಿಗ್ಗೆ 6ಕ್ಕೆ. ಅಂದರೆ ಆ ಹೊತ್ತಿಗೆ ನಿಲ್ಲಿಸೋಕೆ ಏನೂ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಳು, ಹೊಸ ಪೈಪು, ಎಕ್ಸ್‌ರೇ ಅಂತ ಕಾಯ್ದಳು. 2 ಗಂಟೆಗೆ ಹಾಸಿಗೆ ಸರಿಮಾಡಲು ಹೋದಾಗ ತಲೆಯ ಮೇಲೆ ಫ್ಯಾನ್ ಓಡ್ತಾ ಇದ್ದರೂ ಅವರ ಹಣೆ, ಕುತ್ತಿಗೆ ಎಲ್ಲ ಒದ್ದೆ. ನಿದ್ದೆ ಅಂದುಕೊಂಡಿದ್ದು ನಿದ್ದೆಯಲ್ಲ. ಶುಗರ್ 54. 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಎಂಎಲ್ ಕೊಟ್ಟರು, 128ಕ್ಕೆ ಏರಿತು. 4ಕ್ಕೆ ಮತ್ತೆ 66.

ಇಷ್ಟಕ್ಕೇ ಮುಗಿಯಲಿಲ್ಲ. 7ಕ್ಕೆ ಫೀಡ್ ಶುರುವಾಯಿತು. 8ಕ್ಕೆ ಬಂದ ಇನ್ನೊಬ್ಬರು ಅದೇ ಚೀಟಿ ನೋಡಿ "ಇನ್ಸುಲಿನ್ ನಿಲ್ಲಿಸಿದೆ" ಅಂತ ಬರೆದರು. ಗ್ಲಾರ್ಜಿನ್ ಇಲ್ಲ, ಮಧ್ಯಾಹ್ನ 2ರ ಎನ್‌ಪಿಎಚ್ ಕೂಡ ಇಲ್ಲ. ಸಂಜೆ ಶುಗರ್ 348.

ಪುಣ್ಯಕ್ಕೆ ಅವರು ಚೇತರಿಸಿಕೊಂಡರು. ಆದರೆ ಒಂದೇ ಪದದಿಂದ ಎರಡು ದಿಕ್ಕಿನಲ್ಲೂ ಏಟು. ವಾರ್ಡಿನಲ್ಲಿ ಎಲ್ಲರೂ "ಹೋಲ್ಡ್ ಮಾಡಿ" ಅಂತಾರೆ. ಅದನ್ನು ಕನ್ನಡದಲ್ಲಿ ಹೇಗೆ ಹೇಳೋದು?

ರಾಘವೇಂದ್ರ:

"ತಡೆಹಿಡಿಯಿರಿ" ಅನ್ನಬಹುದು. ನಿಲ್ಲಿಸುವುದು ಕಾಯಂ, ತಡೆಹಿಡಿಯುವುದು ತಾತ್ಕಾಲಿಕ. ಸರ್ಕಾರಿ ನೌಕರನಾಗಿದ್ದ ನನಗೆ ಈ ಪದ ಚೆನ್ನಾಗಿ ಗೊತ್ತು, ನನ್ನ ಇನ್‌ಕ್ರಿಮೆಂಟ್ ಎರಡು ಸಲ ತಡೆಹಿಡಿದಿದ್ದಾರೆ. "ಫೀಡ್ ನಿಂತರೆ" ಅನ್ನೋದಕ್ಕೆ "ಆಹಾರ ಪೂರೈಕೆಯಲ್ಲಿ ವ್ಯತ್ಯಯವಾದಲ್ಲಿ" ಎಂದರೆ ಗಂಭೀರವಾಗಿರುತ್ತದೆ.

ಜಯಶ್ರೀ:

ರಾಘವೇಂದ್ರ ಅವರೇ, "ವ್ಯತ್ಯಯ" ಅಂದ ತಕ್ಷಣ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇಲ್ಲ ಅನ್ನೋ ಪ್ರಕಟಣೆ ನೆನಪಾಗುತ್ತೆ. ರಾತ್ರಿಪಾಳಿಯವರಿಗೆ ಅದು ಬೇಡ.

ಸುಮ್ನೆ "ಇನ್ಸುಲಿನ್ ಬಿಡಿ" ಅಂದರೆ ಆಗಲ್ವಾ? ಕಾಫಿ ಬಿಡಿ, ಸಕ್ಕರೆ ಬಿಡಿ ಅಂತೀವಲ್ಲ.

ಸುಮಾ:

ಜಯಶ್ರೀ, ನಾನೂ ಮೊದಲು ಅದನ್ನೇ ಬರೆದು ಹೊಡೆದುಹಾಕಿದೆ. ಪೈಪಿಗೆ ನೀರು "ಬಿಡಿ" ಅಂದರೆ ಹರಿಸಿ ಅಂತ ಅರ್ಥ. ಅದರ ಪಕ್ಕದ ಸಾಲಿನಲ್ಲೇ ಇನ್ಸುಲಿನ್ "ಬಿಡಿ" ಅಂದರೆ ಕೊಡಬೇಡಿ ಅಂತ. ರಾತ್ರಿ 3 ಗಂಟೆಗೆ ಯಾರಾದರೂ ಡ್ರಿಪ್‌ಗೆ ಇನ್ಸುಲಿನ್ ಬಿಟ್ಟರೆ?

ನಾಗರಾಜ, ದಾವಣಗೆರೆ:

ಉಪವಾಸದ ದಿನ ಮಾತ್ರೆ ತಗೊಳ್ಳಬೇಕೋ ಬೇಡವೋ ಅನ್ನೋ ಪ್ರಶ್ನೆ ನಮ್ಮ ಮನೆಯಲ್ಲೂ ಬರುತ್ತೆ. ನಮ್ಮ ತಾಯಿ ಏಕಾದಶಿಗೆ ಬೆಳಗಿನ ಮಾತ್ರೆಯನ್ನೇ ಬಿಟ್ಟುಬಿಡ್ತಾರೆ. ಅದಕ್ಕೆ "ಲಂಘನ" ಅನ್ನೋ ಒಳ್ಳೆಯ ಪದ ಇದೆ.

ಡಾ. ಪ್ರಭಾಕರ:

ನಾಗರಾಜ್, ಉಪವಾಸ ಮೊದಲೇ ಗೊತ್ತಿರುತ್ತೆ. ಇಲ್ಲಿ ಇನ್ಸುಲಿನ್ ಒಳಗೆ ಹೋದ ಮೇಲೆ ಊಟ ತಪ್ಪಿದೆ. ಇಡೀ ತೊಂದರೆ ಇರೋದೇ ಅಲ್ಲಿ.

ನಾನು ಐಸಿಯುನಲ್ಲಿ ತುಂಬ ವರ್ಷ ಇದ್ದವನು. ಸುಮಾ, ನಿಮ್ಮ ಸಾಲಿನಲ್ಲಿ ಕ್ರಿಯಾಪದಕ್ಕಿಂತ ಮೊದಲೇ ಒಂದು ತಪ್ಪಿದೆ. "ಇನ್ಸುಲಿನ್" ಅಂತ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ಆಗಲೇ ಮೈಯೊಳಗೆ ಹೋಗಿರೋದು, ಫೀಡ್‌ಗಾಗಿ ಇನ್ನು ಕೊಡಬೇಕಾಗಿರೋದು, ಮತ್ತೆ ಫೀಡ್ ಇರಲಿ ಬಿಡಲಿ ಮೈಗೆ ಬೇಕೇ ಬೇಕಾದದ್ದು.

ಒಳಗೆ ಹೋಗಿರೋದನ್ನ ಯಾರೂ ನಿಲ್ಲಿಸೋಕಾಗಲ್ಲ. ಎನ್‌ಪಿಎಚ್ ಕೊಟ್ಟ ಮೇಲೆ ಹೆಚ್ಚುಕಮ್ಮಿ 4ರಿಂದ 8 ಗಂಟೆಯಲ್ಲಿ ಅದರ ಜೋರು ಜಾಸ್ತಿ. ರಾತ್ರಿ 10ಕ್ಕೆ ಕೊಟ್ಟರೆ 2ರಿಂದ 6. ನಿಮ್ಮ ಹಿರಿಯರಿಗೆ 2ಕ್ಕೂ 4ಕ್ಕೂ ಶುಗರ್ ಬಿದ್ದಿದ್ದು ಸರಿಯಾಗಿ ಆ ಹೊತ್ತಿನಲ್ಲೇ. ಅದಕ್ಕೆ ಮಾಡಬೇಕಿದ್ದ ಕೆಲಸ "ನಿಲ್ಲಿಸೋದು" ಅಲ್ಲ, "ಕೊಡೋದು". 11 ಗಂಟೆಗೆ, ಶುಗರ್ ಇನ್ನೂ ಚೆನ್ನಾಗಿದ್ದಾಗಲೇ, ಫೀಡ್ ಓಡುತ್ತಿದ್ದ ವೇಗದಲ್ಲೇ 10 ಪರ್ಸೆಂಟ್ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಬೇಕಿತ್ತು. ಗಂಟೆಗೊಮ್ಮೆ ಜಿಆರ್‌ಬಿಎಸ್, ಅಂದರೆ ಬೆರಳು ಚುಚ್ಚಿ ನೋಡುವ ಶುಗರ್, ನೋಡಬೇಕಿತ್ತು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಮಾರ್ಗಸೂಚಿಯೂ ಫೀಡ್ ನಿಂತ ಕೂಡಲೇ 10 ಪರ್ಸೆಂಟ್ ಡ್ರಿಪ್ ಶುರುಮಾಡಿ ಅಂತಲೇ ಹೇಳುತ್ತೆ.

ಲೆಕ್ಕ ನೋಡಿ. ಆ ಫೀಡ್‌ನ ಲೀಟರಿಗೆ 140 ಗ್ರಾಂ ಕಾರ್ಬ್ ಅಂದುಕೊಳ್ಳೋಣ. ಗಂಟೆಗೆ 60 ಎಂಎಲ್ ಅಂದರೆ ಸುಮಾರು 8.4 ಗ್ರಾಂ. ಅದೇ 60 ಎಂಎಲ್ ಡಿ10, ಅಂದರೆ 10 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನಲ್ಲಿ 6 ಗ್ರಾಂ. ಸಮ ಅಲ್ಲ, ಆದರೆ ಹಳ್ಳಕ್ಕೆ ಬೀಳದಂತೆ ಹಿಡಿದುಕೊಳ್ಳುತ್ತೆ. ಉಳಿದದ್ದನ್ನು ಗಂಟೆಗೊಮ್ಮೆ ನೋಡುವ ಶುಗರ್ ಹೇಳುತ್ತೆ. ನಿಮ್ಮವರು 25 ಪರ್ಸೆಂಟ್ ಕೊಟ್ಟು ಸುಮ್ಮನಾದರು. ಆ 25 ಗ್ರಾಂ ಸಕ್ಕರೆ ಬೇಗ ಖರ್ಚಾಯಿತು, ಎನ್‌ಪಿಎಚ್ ಇನ್ನೂ ಕೆಲಸ ಮಾಡ್ತಾನೇ ಇತ್ತು. ಹಾರ್ಟ್, ಕಿಡ್ನಿ ತೊಂದರೆ ಇರುವವರಿಗೆ ಎಷ್ಟು ನೀರು ಹೋಗುತ್ತೆ ಅಂತ ಮಾತ್ರ ಡಾಕ್ಟರು ನೋಡಿಕೊಳ್ಳಬೇಕು.

ಜಯಶ್ರೀ:

ಓಹೋ. ಹಾಗಾದರೆ ಬಣ್ಣದ ಮೇಲೆ ಹೆಸರಿಡಿ! ನಮ್ಮತ್ತೆಗೆ ಚುಚ್ಚೋದು ಹಾಲಿನ ಹಾಗೆ ಬೆಳ್ಳಗಿರುತ್ತೆ. ಪಕ್ಕದ ಮನೆಯವರದ್ದು ನೀರಿನ ಹಾಗೆ ತಿಳಿ. "ಹಾಲು ಇನ್ಸುಲಿನ್ ಕೊಡಬೇಡಿ, ತಿಳಿ ಇನ್ಸುಲಿನ್ ಕೊಡಿ." ಯಾರಿಗಾದರೂ ಅರ್ಥವಾಗುತ್ತೆ.

ಡಾ. ಪ್ರಭಾಕರ:

ಅರ್ಧ ಸರಿ. ಎನ್‌ಪಿಎಚ್ ಬೆಳ್ಳಗಿರುತ್ತೆ, ಗ್ಲಾರ್ಜಿನ್ ತಿಳಿ. ಆದರೆ ಬೇಗ ಕೆಲಸ ಮಾಡೋ ರೆಗ್ಯುಲರ್ ಇನ್ಸುಲಿನ್ ಕೂಡ ತಿಳಿಯೇ. ಎಷ್ಟೋ ವಾರ್ಡುಗಳಲ್ಲಿ ಫೀಡ್‌ಗೆ 6 ಗಂಟೆಗೊಮ್ಮೆ ರೆಗ್ಯುಲರ್ ಕೊಡ್ತಾರೆ. ನಿಮ್ಮ ಸಾಲು ಓದಿದವರು ಫೀಡ್ ನಿಂತ ಮೇಲೆ ಅದನ್ನೇ ಚುಚ್ಚಿದರೆ ಕಥೆ ಮುಗೀತು.

ಜಯಶ್ರೀ:

ಸರಿ, ಬಣ್ಣ ಬೇಡ. ಆದರೆ ಈಗ ನನಗೇ ಭಯ ಆಗ್ತಿದೆ. ಅತ್ತೆಗೆ ಮನೆಯಲ್ಲೇ ಸಿರಿಂಜಿನಲ್ಲಿ 3 ಗಂಟೆಗೊಮ್ಮೆ 200 ಎಂಎಲ್ ಕೊಡ್ತೀವಿ. ಬೆಳಿಗ್ಗೆ ಮಿಕ್ಸ್ ಇನ್ಸುಲಿನ್ ಚುಚ್ಚಿ, ಅರ್ಧ ಗಂಟೆ ಬಿಟ್ಟು ರಾಗಿ ಗಂಜಿ. ಹೋದ ವಾರ ಚುಚ್ಚಿದ ಮೇಲೆ ಗಂಜಿ ಇಳಿಯಲೇ ಇಲ್ಲ. ಪೈಪಿನ ಬಾಯಲ್ಲಿ ಗಂಜಿಯ ಗಂಟು ಗಟ್ಟಿಯಾಗಿ ಕೂತಿತ್ತು. ಮುಕ್ಕಾಲು ಗಂಟೆ ಒದ್ದಾಡಿದೆ. ಬಾಯಿಗೆ ಸಕ್ಕರೆ ನೀರು ಹಾಕಿ ಅಂದರು ನಮ್ಮನೆಯವರು.

ಡಾ. ಪ್ರಭಾಕರ:

ಹಾಕಲಿಲ್ಲ ತಾನೇ? ನುಂಗೋಕೆ ಆಗಲ್ಲ ಅಂತಲೇ ಪೈಪ್ ಹಾಕಿರೋದು. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತೆ. ಚುಚ್ಚಿ ಆಗಿ, ಪೈಪ್ ತೆರೆಯಲಿಲ್ಲ ಅಂದರೆ ಗ್ಲುಕೋಮೀಟರಿನಲ್ಲಿ ನೋಡ್ತಾ ಹತ್ತಿರದ ಆಸ್ಪತ್ರೆಗೆ ಹೊರಟುಬಿಡಿ. ಶುಗರ್ 70ಕ್ಕಿಂತ ಕೆಳಗೆ ಬರಲಿ ಅಂತ ಕಾಯಬೇಡಿ. ಸಕ್ಕರೆ ರಕ್ತನಾಳಕ್ಕೇ ಹೋಗಬೇಕು.

ಇನ್ನು ಮುಂದೆ ಕ್ರಮ ಬದಲಿಸಿ. ಮೊದಲು ಪೈಪ್ ಜಾಗದಲ್ಲಿದೆಯಾ ನೋಡಿ, ಇದ್ದರೆ ಉಗುರುಬೆಚ್ಚಗಿನ ನೀರು ಬಿಟ್ಟು ತೆರೆದಿದೆಯಾ ನೋಡಿ. ಆಮೇಲೆ ಇನ್ಸುಲಿನ್. ಇನ್ನೊಂದು ಮಾತು. ಮಿಕ್ಸ್ ಇನ್ಸುಲಿನ್ನಿನಲ್ಲಿ ಊಟದ್ದೂ ದಿನದ್ದೂ ಬೆರೆತಿರುತ್ತೆ. ಒಂದನ್ನು ಮಾತ್ರ ತಪ್ಪಿಸೋಕೆ ಬರಲ್ಲ. ಪೈಪ್ ಊಟದವರಿಗೆ ಅದು ನನಗೆ ಇಷ್ಟವಿಲ್ಲ. ನಿಮ್ಮ ಡಾಕ್ಟರ ಹತ್ತಿರ ಕೇಳಿ, ನೀವೇ ಬದಲಿಸಬೇಡಿ.

ರಾಘವೇಂದ್ರ:

ಡಾಕ್ಟರೇ, ಊಟವೇ ಇಲ್ಲದಾಗ ಆ ದಿನದ ಇನ್ಸುಲಿನ್ನನ್ನೂ ತಪ್ಪಿಸಿದರೆ ಕ್ಷೇಮವಲ್ಲವೇ? ಶುಗರ್ ಇಳಿಯುವ ಭಯವೇ ಇರುವುದಿಲ್ಲ.

ಡಾ. ಪ್ರಭಾಕರ:

ಏನೂ ತಿನ್ನದಿದ್ದರೂ ಲಿವರ್ ಸಕ್ಕರೆ ಬಿಡ್ತಾನೇ ಇರುತ್ತೆ ಸಾರ್. ಟೈಪ್ 2ನವರಿಗೆ ತಪ್ಪಿಸಿದರೆ ಸುಮಾ ಹೇಳಿದ ಹಾಗೆ 348. ಟೈಪ್ 1ನವರಿಗೆ ತಪ್ಪಿಸಿದರೆ ಕೀಟೋನ್ ಏರಿ ಪ್ರಾಣಕ್ಕೇ ಬರುತ್ತೆ. ಅವರಿಗೆ ಡ್ರಿಪ್ ಓಡಿಸುತ್ತಲೇ ಬೇಸಲ್, ಅಂದರೆ ಫೀಡ್ ಇರಲಿ ಬಿಡಲಿ ಮೈಗೆ ಬೇಕಾದ ಆ ಇನ್ಸುಲಿನ್, ಕೊಡಬೇಕು.

ಆದರೆ ನಿಮ್ಮ ಅನುಮಾನ ಪೂರ್ತಿ ತಪ್ಪೂ ಅಲ್ಲ. ಕೆಲವು ಕಡೆ ಫೀಡ್‌ನ ಪಾಲನ್ನೂ ಸೇರಿಸಿ ಗ್ಲಾರ್ಜಿನ್ನನ್ನೇ 30, 40 ಯೂನಿಟ್ ಅಂತ ಏರಿಸಿಬಿಟ್ಟಿರ್ತಾರೆ. ಆಗ ಅದು ಹೆಸರಿಗೆ ಮಾತ್ರ ಬೇಸಲ್. ಫೀಡ್ ನಿಂತರೆ ಅದರಲ್ಲಿ ಎಷ್ಟು ಇಳಿಸಬೇಕು ಅಂತ ಡಾಕ್ಟರೇ ಹೇಳಬೇಕು. ಗೋಡೆಯ ಚೀಟಿ ಹೇಳೋಕಾಗಲ್ಲ.

ಸುಮಾ:

ಇನ್ನೊಂದು ಸಂಗತಿ ಈಗ ಹೊಳೆಯಿತು. "ನಿಂತರೆ" ಬೇರೆ, "ನಿಲ್ಲಿಸಿದರೆ" ಬೇರೆ. ಸ್ಕ್ಯಾನಿಗೆ ಕರೆದೊಯ್ಯಲು ನಾವೇ ನಿಲ್ಲಿಸಿದರೆ ಇನ್ಸುಲಿನ್ ಮೊದಲೇ ಸರಿಮಾಡಿಕೊಳ್ಳಬಹುದು. ತಾನಾಗಿ ನಿಂತಾಗ ಆ ಅವಕಾಶವೇ ಇಲ್ಲ. ಚೀಟಿಯಲ್ಲಿ "ನಿಂತುಹೋದರೆ" ಅಂತ ಹಾಕಿ ಪಕ್ಕದಲ್ಲಿ ಪೈಪ್ ಕಿತ್ತುಬಂದರೆ, ಕಟ್ಟಿಕೊಂಡರೆ, ವಾಂತಿಯಾದರೆ ಅಂತ ಬರೆಯುತ್ತೇನೆ.

ಎಷ್ಟು ಹೊತ್ತು ನಿಂತರೆ ಅಂತ ಬೇಕಾ, ಡಾಕ್ಟರೇ? ನಮ್ಮಲ್ಲಿ ಕೆಲವರು ಒಂದು ಗಂಟೆ ಕಾಯಬಹುದು ಅಂತಾರೆ.

ಡಾ. ಪ್ರಭಾಕರ:

ಅದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಾನು ಗಡಿಯಾರ ನೋಡಲ್ಲ. ಇನ್ಸುಲಿನ್ ಒಳಗಿದೆ, ಪೈಪ್ ಹೊರಗಿದೆ ಅಂದರೆ ಡ್ರಿಪ್ ಹಾಕಿಸ್ತೀನಿ. ಹತ್ತು ನಿಮಿಷದಲ್ಲಿ ಪೈಪ್ ಸರಿಹೋದರೆ ಡ್ರಿಪ್ ತೆಗೆದರಾಯಿತು. ಫೀಡ್ ಮತ್ತೆ ಶುರುವಾದ ಮೇಲೆ ಡ್ರಿಪ್ ತೆಗೆಯೋದು ಮರೆಯುವವರೂ ಜಾಸ್ತಿ. ಎರಡೂ ಕಡೆಯಿಂದ ಸಕ್ಕರೆ ಹೋಗಿ ಶುಗರ್ ಏರುತ್ತೆ.

ಸುಮಾ:

ಹೊಸ ಸಾಲುಗಳು ಹೀಗಿವೆ. ಡ್ಯೂಟಿ ಡಾಕ್ಟರು ನೋಡಿ ಸಹಿ ಹಾಕಿದ ಮೇಲೆ ಗೋಡೆಗೆ ಹೋಗುತ್ತವೆ.

"ಪೈಪಿನ ಊಟ ನಿಂತುಹೋದರೆ (ಕಿತ್ತುಬಂದರೆ, ಕಟ್ಟಿಕೊಂಡರೆ, ವಾಂತಿಯಾದರೆ): ಕೂಡಲೇ ಜಿಆರ್‌ಬಿಎಸ್ ನೋಡಿ, ಡಾಕ್ಟರಿಗೆ ತಿಳಿಸಿ, ಆರ್ಡರಿನಂತೆ ಡಿ10 ಡ್ರಿಪ್ ಹಾಕಿ. ಗಂಟೆಗೊಮ್ಮೆ ಜಿಆರ್‌ಬಿಎಸ್. ಕೊನೆಯ ಇನ್ಸುಲಿನ್ ಯಾವುದು, ಎಷ್ಟು ಗಂಟೆಗೆ ಕೊಟ್ಟಿದ್ದು ಅಂತ ಬರೆಯಿರಿ. ಫೀಡ್‌ನ ಇನ್ಸುಲಿನ್: ಫೀಡ್ ಮತ್ತೆ ಓಡುವವರೆಗೆ ಮುಂದಿನ ಡೋಸ್ ಕೊಡಬೇಡಿ. ಫೀಡ್ ಅರ್ಧ ವೇಗದಲ್ಲಿ ಶುರುವಾದರೆ ಎಷ್ಟು ಕೊಡಬೇಕೆಂದು ಕೇಳಿ. ಫೀಡ್ ಶುರುವಾದಾಗ ಡ್ರಿಪ್ ತೆಗೆಯುವ ಬಗ್ಗೆಯೂ ಕೇಳಿ. ಬೇಸಲ್ ಇನ್ಸುಲಿನ್: ಕೇಳದೆ ತಪ್ಪಿಸಬೇಡಿ."

"ನಿಲ್ಲಿಸಿ", "ಬಿಡಿ", "ತಡೆಹಿಡಿಯಿರಿ" ಮೂರೂ ಹೋದವು. "ಮುಂದಿನ ಡೋಸ್ ಕೊಡಬೇಡಿ" ಉದ್ದ, ಆದರೆ ಎರಡು ಅರ್ಥ ಬರಲ್ಲ. "ಬೇಸಲ್" ಮಾತ್ರ ಹಾಗೇ ಉಳಿದಿದೆ.

ರಾಘವೇಂದ್ರ:

"ಮೂಲ ಇನ್ಸುಲಿನ್" ಎನ್ನಬಹುದಲ್ಲ?

ಜಯಶ್ರೀ:

ನಮ್ಮ ಕಡೆ "ಮೂಲ" ಅಂದರೆ ಕೂರೋಕಾಗದ ಕಾಯಿಲೆ. "ದಿನದ ಇನ್ಸುಲಿನ್" ಅನ್ನಿ.

ಸುಮಾ:

ದಿನಕ್ಕೆರಡು ಸಲ ಬೇಸಲ್ ತಗೊಳ್ಳುವವರೂ ಇದ್ದಾರೆ. ರಾತ್ರಿ ಮಾತ್ರ ತಗೊಳ್ಳುವವರಂತೂ ತುಂಬಾ ಜನ. ಇನ್ನೂ ಹುಡುಕ್ತಾ ಇದ್ದೀನಿ.