ಉಪ್ಪಿನಕಾಯಿ ಆರ್ಡರ್, 5000 ಮುಂಗಡ, ಒಂದು ಪಿನ್: ಸಂಘದ ವಿಡಿಯೊಗೆ ಸಲಹೆಗಳು

ಸುಮಾ, ತೀರ್ಥಹಳ್ಳಿ: ನಮ್ಮ ಸ್ವಸಹಾಯ ಸಂಘದ ಸಭೆಗೆ ಯುಪಿಐ ಮೋಸದ ಬಗ್ಗೆ ಎರಡು ನಿಮಿಷದ ವಿಡಿಯೊ ಮಾಡ್ಬೇಕು. ಒಂದೇ ದೃಶ್ಯ, ಒಂದೇ ನಿಯಮ. ಯಾವ ಮೋಸ ತೋರಿಸೋದು, ಹೇಗೆ?

ನಾಗರತ್ನ, ಸಾಗರ: ಕ್ಯೂಆರ್ ಮೋಸ ತೋರಿಸಿ, ಮನೆಯಲ್ಲಿ ಏನಾದ್ರೂ ಮಾರೋರಿಗೆ ಬೇಗ ತಾಗುತ್ತೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾರೋ ಒಬ್ಬಾಕೆ, ಬಾಟಲಿಗೆ 250. ಫೋನ್ ಬರುತ್ತೆ: "ಮಿಲಿಟರಿ ಕ್ಯಾಂಟೀನಿಂದ ಮಾತಾಡ್ತಿದೀನಿ, 20 ಬಾಟಲಿ ಬೇಕು, 5000 ಈಗಲೇ ಹಾಕ್ತೀನಿ." ಚೌಕಾಸಿ ಇಲ್ಲ, ರುಚಿ ಹೇಗಿದೆ ಅಂತಲೂ ಕೇಳಲ್ಲ. ವಾಟ್ಸಾಪಿಗೆ ಕ್ಯೂಆರ್ ಕಳಿಸಿ, "ಪರೀಕ್ಷೆಗೆ 1 ರೂಪಾಯಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂತಾನೆ. ಒತ್ತಿದ ಕೂಡಲೇ 2 ರೂಪಾಯಿ ಹಾಕ್ತಾನೆ. ಈ ಭಾಗ ಬಿಡಲೇಬೇಡಿ. ಪಿನ್ ಒತ್ತಿದ್ದಕ್ಕೇ ದುಡ್ಡು ಬಂತು ಅಂತ ಆಕೆಗೆ ಅನ್ನಿಸೋದು ಇಲ್ಲೇ.

ಆಮೇಲೆ 5000ದ ಕ್ಯೂಆರ್. ಫೋನ್ ಇಡೋಕೆ ಬಿಡದೆ ಮಾತಾಡ್ತಾನೇ ಇರ್ತಾನೆ, ಓದೋಕೆ ಪುರುಸೊತ್ತು ಸಿಗಬಾರದಲ್ಲ. ಆಗ ಕ್ಯಾಮೆರಾ ಪರದೆ ಹತ್ತಿರ ತನ್ನಿ: ಮೊತ್ತ ಮೊದಲೇ ತುಂಬಿದೆ, ಬಟನ್ ಮೇಲೆ `Pay` ಅಂತಿದೆ. ಐದು ಸೆಕೆಂಡ್ ನಿಲ್ಲಿಸಿ, ನಿಯಮ ಹೇಳಿಸಿ: "ಹಣ ಬರೋದಕ್ಕೆ ಪಿನ್ ಬೇಡ." ಚಿತ್ರೀಕರಣಕ್ಕೆ ಸಂಘದವರದ್ದೇ ಕ್ಯೂಆರ್ ಬಳಸಿ, ಪಿನ್ ಒತ್ತೋ ಬೆರಳು ಕಾಣದಿರಲಿ.

ಮಂಜು, ಹೊಸನಗರ: ಇದು ಹಳೇದು. 2025ರ ಅಕ್ಟೋಬರ್ 1ರಿಂದ ದುಡ್ಡು ಕೇಳೋ ರಿಕ್ವೆಸ್ಟೇ ಬಂದ್ ಆಯ್ತಲ್ಲ.

ನಾಗರತ್ನ: ಆವತ್ತು ಬಂದ್ ಆಗಿದ್ದು ಒಬ್ಬರು ಇನ್ನೊಬ್ಬರಿಗೆ ಕಳಿಸ್ತಿದ್ದ ಕಲೆಕ್ಟ್ ರಿಕ್ವೆಸ್ಟ್ ಮಾತ್ರ. ವ್ಯಾಪಾರಿಗಳದ್ದು ಆಗ ಬಂದ್ ಆಗಲಿಲ್ಲ. ಕ್ಯೂಆರ್ ದಾರಿಯೇ ಬೇರೆ, ಅದಕ್ಕೇ ಅದನ್ನ ಆರಿಸಿದ್ದು.

ದಿನೇಶ, ಕೊಪ್ಪ: ನನಗೆ ಇವತ್ತು 8000 ಜಮಾ ಅಂತ ಮೆಸೇಜ್ ಬಂದಿದೆ. ತಪ್ಪಿ ಬಂತು, ವಾಪಸ್ ಹಾಕಿ ಅಂತಿದಾನೆ. ಪಿನ್ ಏನೂ ಕೇಳಿಲ್ಲ, ಹಾಕ್ಲಾ?

ವಿನಯ್, ಶಿವಮೊಗ್ಗ: ಬೇಡ ದಿನೇಶಣ್ಣ. ವಾಪಸ್ ಹಾಕೋವಾಗ ಪಿನ್ ಒತ್ತೋರು ನೀವೇ ಅಲ್ವಾ? ಹತ್ತಂಕಿಯ ಮೊಬೈಲ್ ನಂಬರಿಂದ ಬಂದ ಮೆಸೇಜಾದ್ರೆ ಅದು ಬ್ಯಾಂಕಿನದಲ್ಲ. ಮೆಸೇಜ್ ನಂಬದೆ ಖಾತೆ ನೋಡಿ. ನಿಜಕ್ಕೂ ಬಂದಿದ್ರೂ ನಿಮ್ಮ ಬ್ಯಾಂಕಿಗೆ ತಿಳಿಸಿ, ಅವನು ಅವನ ಬ್ಯಾಂಕಲ್ಲಿ ದೂರು ಕೊಡಲಿ.

ಸುಮಕ್ಕ, ನಿಯಮವನ್ನ "ಪಿನ್ ಇಲ್ಲ ಅಂದ್ರೆ ಹಣ ಹೋಗಲ್ಲ" ಅಂತ ತಿರುಗಿಸಬೇಡಿ. ಯುಪಿಐ ಲೈಟಲ್ಲಿ ಸಣ್ಣ ಮೊತ್ತ ಪಿನ್ ಇಲ್ಲದೇ ಹೋಗುತ್ತೆ. ಬ್ಯಾಲೆನ್ಸ್ ನೋಡೋಕೂ ಪಿನ್ ಬೇಕು, ಸಭೆಯಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ. ಕೊನೆಗೆ ಸೈಬರ್ ಮೋಸದ ಸಹಾಯವಾಣಿ 1930 ನಂಬರ್ ತೋರಿಸಿ. ತಕ್ಷಣ ಕರೆ ಮಾಡಿದ್ರೆ ಹಣ ಮುಂದಿನ ಖಾತೆಗೆ ದಾಟೋ ಮೊದಲೇ ತಡೆಯೋ ಅವಕಾಶ ಇರುತ್ತೆ.

ಮಂಜು: ಆಗ ಎರಡು ಮಾತಾಯ್ತಲ್ಲ? ಒಂದೇ ನಿಯಮ ಸಾಕು ಅಂದಿದ್ರು ಸುಮಕ್ಕ.

ಸುಮಾ: 1930 ಚೀಟಿಯಲ್ಲಿ ಬರೆದು ಎಲ್ಲರ ಕೈಗೆ ಕೊಡೋಣ ಅಂತಿದೀನಿ. ವಿಡಿಯೊದಲ್ಲೂ ಬೇಕಾ ಅಂತ ಸಂಘದಲ್ಲಿ ಕೇಳ್ತೀನಿ.