ಸಹಾಯ ಬೇಕು: ಇಳಕಲ್ ಸೀರೆ ಸ್ಪರ್ಧೆಯ ಒಕ್ಕಣೆ ನೋಡಿಕೊಡಿ

ನಮ್ಮ ಅಂಗಡಿಯ ಇನ್‌ಸ್ಟಾಗ್ರಾಂ ಪುಟದಲ್ಲಿ ಕೆಂಪು ಸೆರಗಿನ ಒಂದು ಇಳಕಲ್ ಸೀರೆಯನ್ನು ಉಡುಗೊರೆಯಾಗಿ ಕೊಡುತ್ತಿದ್ದೇವೆ. ಒಕ್ಕಣೆ ಹೀಗಿದೆ:

“ಕರ್ನಾಟಕದಲ್ಲಿ ವಾಸಿಸುವ, 18 ವರ್ಷ ತುಂಬಿದ ಯಾರಾದರೂ ಭಾಗವಹಿಸಬಹುದು, ನಮ್ಮ ಮನೆಯವರು, ಕೆಲಸಗಾರರು ಹೊರತು. ಏನನ್ನೂ ಕೊಳ್ಳಬೇಕಿಲ್ಲ. ಪುಟವನ್ನು ಫಾಲೋ ಮಾಡಿ, ನಿಮ್ಮ ಮನೆಯ ಹಳೆಯ ಸೀರೆಯ ಬಗ್ಗೆ ಒಂದು ಕಾಮೆಂಟ್ ಬರೆಯಿರಿ. ಒಬ್ಬರಿಗೆ ಒಂದೇ ಅವಕಾಶ. ನವೆಂಬರ್ 10ರ ರಾತ್ರಿ 9ಕ್ಕೆ ಮುಕ್ತಾಯ. ಮರುದಿನ ಸಂಜೆ 5ಕ್ಕೆ ನೇರಪ್ರಸಾರದಲ್ಲಿ ಚೀಟಿ ಎತ್ತುತ್ತೇವೆ. 48 ಗಂಟೆಯೊಳಗೆ ವಿಜೇತರ ಉತ್ತರ ಬಾರದಿದ್ದರೆ ಮತ್ತೊಂದು ಚೀಟಿ. ಈ ಸ್ಪರ್ಧೆಯನ್ನು ಇನ್‌ಸ್ಟಾಗ್ರಾಂ ಪ್ರಾಯೋಜಿಸಿಲ್ಲ, ಅನುಮೋದಿಸಿಲ್ಲ, ನಡೆಸುತ್ತಿಲ್ಲ. ಭಾಗವಹಿಸುವವರು ಅದನ್ನು ಎಲ್ಲ ಹೊಣೆಯಿಂದ ಬಿಡುಗಡೆಗೊಳಿಸುತ್ತಾರೆ.”

ಕಳೆದ ಸಲ ಸೀರೆಯ ಫೋಟೋದಲ್ಲಿ ನಿಮ್ಮನ್ನೇ ಟ್ಯಾಗ್ ಮಾಡಿ ಎಂದು ಕೇಳಿದ್ದೆ. ಚಿತ್ರದಲ್ಲಿ ಇಲ್ಲದವರನ್ನು ಹಾಗೆ ಟ್ಯಾಗ್ ಮಾಡಿಸುವುದು ನಿಯಮಕ್ಕೆ ವಿರುದ್ಧವೆಂದು ತಿಳಿದು ಈ ಬಾರಿ ತೆಗೆದಿದ್ದೇನೆ. ಕೊನೆಯ ವಾಕ್ಯ ಓದುವವರಿಗೆ ಅರ್ಥವಾಗುತ್ತದೆಯೇ? ಸರಳವಾಗಿ ಬರೆಯಲು ದಯವಿಟ್ಟು ನೆರವಾಗಿ.